ಒಳಗಿನವನ ಇಂಟರ್‌ವ್ಯೂ

ಹೊರಗಿನ ಕಂಪನಿಗೆ ಇಂಟರ್‌ವ್ಯೂ ಕೊಟ್ಟವನಿಗೆ ಕೆಲಸ ಸಿಗಲಿಲ್ಲ ಅಂದ್ರೆ ಆ ಗೇಟಿನ ಕಡೆ ಮತ್ತೆ ತಲೆ ಹಾಕಬೇಕಿಲ್ಲ. ಇದ್ದ ಕಂಪನಿಯಲ್ಲೇ ಇನ್ನೊಂದು ವಿಭಾಗಕ್ಕೆ ಇಂಟರ್‌ವ್ಯೂ ಕೊಟ್ಟವನ ಕಥೆ ಬೇರೆ. ಪ್ರಶ್ನೆ ಕೇಳಿದವರೇ ಮರುದಿನ ಕ್ಯಾಂಟೀನಿನಲ್ಲಿ ಎದುರು ಕೂತು ಚಹಾ ಕುಡಿತಿರ್ತಾರೆ. ಏನಾಯ್ತು ಅಂತ ಕೇಳಿದ್ರೆ ಗಡಿಬಿಡಿ ಮಾಡಿದಂಗಾಗುತ್ತೆ, ಕೇಳದಿದ್ರೆ ನಮ್ಮನ್ನ ಮರೆತೇಬಿಟ್ಟಾರು ಅನ್ನೋ ಚಿಂತೆ.

ನಮ್ಮ ಕಾಕಾನ ಮಗ ವಾಡಿ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಕಿಲ್ನ್ ವಿಭಾಗದ ಫೀಲ್ಡ್ ಆಪರೇಟರ್. ಪ್ರೀಹೀಟರ್ ಟವರ್ ಹತ್ತಿ ಇಳಿಯೋದೇ ಅವನ ಡ್ಯೂಟಿ. ನಮ್ಮ ಸೇಡಂ, ಚಿತ್ತಾಪುರದ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಿದ್ರೆ, ಆ ಬಿಸಿಲಲ್ಲಿ ಉರಿಯೋ ಟವರಿನ ಮಗ್ಗುಲಲ್ಲಿ ನಿಲ್ಲೋದು ಹೆಂಗಿರುತ್ತೆ ಅಂತ ಊಹಿಸಬಹುದು. ಅವನ ಮೊಣಕಾಲು ಆಗಲೇ ನೋಯೋಕೆ ಶುರುವಾಗಿತ್ತು. ಕಂಟ್ರೋಲ್ ರೂಮಿನಲ್ಲಿ ಒಂದು ಜಾಗ ಖಾಲಿಯಾದಾಗ ಅರ್ಜಿ ಹಾಕಿದ. ಇಂಟರ್‌ವ್ಯೂ ಮುಗಿದ ಸಂಜೆ ನನಗೆ ಫೋನ್.

"ಅಣ್ಣಾ, ಯೂನಿಯನ್ ಲೀಡರ್ ಕಡಿಂದ ಒಂದ್ ಮಾತು ಹೇಳಸ್ಲೇನು?"

"ಬ್ಯಾಡೋ. ಮೊದಲ ನಿಮ್ಮ ಈಗಿನ ಇನ್‌ಚಾರ್ಜ್ ಸಾಹೇಬ್ರಿಗೆ ನೀನೇ ಹೋಗಿ ಹೇಳು. ಬ್ಯಾರೆಯವರ ಬಾಯಿಂದ ತಿಳದ್ರ ಅವರಿಗೆ ಸಿಟ್ಟು ಬರ್ತದ."

ಹಂಗೆ ಹೇಳೋಕೆ ಕಾರಣ ಇತ್ತು. ಒಳಗಿನ ವರ್ಗಾವಣೆ ಎಷ್ಟೋ ಸಲ ನಿಲ್ಲೋದು ಯೋಗ್ಯತೆಯ ಮೇಲಲ್ಲ, ಬಿಡುಗಡೆಯ ಮೇಲೆ. ಕರೆದುಕೊಳ್ಳೋ ವಿಭಾಗ ಹೂಂ ಅಂದ್ರೂ, ಬಿಟ್ಟುಕೊಡೋ ವಿಭಾಗ "ಇವನ ಜಾಗಕ್ಕೆ ಯಾರು?" ಅಂತ ಕೂತುಬಿಟ್ರೆ ಫೈಲು ಅಲ್ಲೇ ನಿಂತಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲೂ ಇದೇ ಕಥೆ. "ಈ ರಿಲೀಸ್ ಮುಗೀಲಿ, ಆಮೇಲೆ ಕಳಿಸ್ತೀವಿ" ಅಂತಾರೆ, ಅದು ಮುಗಿಯೋದರೊಳಗೆ ಇನ್ನೊಂದು ರಿಲೀಸ್ ಬಂದಿರುತ್ತೆ. ಹಾಗಾಗಿ ಇಂಟರ್‌ವ್ಯೂ ಆದ ಮೇಲೆ ಬರೆಯೋ ಮೇಲ್‌ನಲ್ಲಿ ಬರೀ ಥ್ಯಾಂಕ್ಸ್ ಇದ್ರೆ ಸಾಲದು, ಆ "ಯಾರು?" ಅನ್ನೋದಕ್ಕೆ ಉತ್ತರ ಇರಬೇಕು.

ಇನ್‌ಚಾರ್ಜ್ ಜೊತೆ ಮಾತಾಡಿ ಬಂದ ಮೇಲೆ ಇಬ್ಬರೂ ಕೂಡಿ ಮರುದಿನವೇ ಮೇಲ್ ಬರೆದ್ವಿ. ಒಟ್ಟು ಏಳೆಂಟು ಸಾಲು. ಮೊದಲ ಸಾಲಲ್ಲಿ ಸಮಯ ಕೊಟ್ಟಿದ್ದಕ್ಕೆ ವಂದನೆ. ಆಮೇಲೆ ಇಂಟರ್‌ವ್ಯೂನಲ್ಲಿ ಅರ್ಧಕ್ಕೇ ನಿಂತಿದ್ದ ಒಂದು ಉತ್ತರ. ಸೈಕ್ಲೋನ್ ಜಾಮ್ ಆದ್ರೆ ಏನು ಮಾಡ್ತಿ ಅಂತ ಅವರು ಕೇಳಿದ್ರು. ಇವನು ಫೀಲ್ಡಿನವನು, ಫೀಲ್ಡಿನ ಉತ್ತರ ಕೊಟ್ಟಿದ್ದ: ಫೀಡ್ ನಿಲ್ಲಿಸಬೇಕು, ಜನರನ್ನ ದೂರ ಕಳಿಸಬೇಕು, ಯಾಕಂದ್ರೆ ಕೆಳಗಿನ ಸೈಕ್ಲೋನಿನಲ್ಲಿರೋ ಪುಡಿ 800 ಡಿಗ್ರಿ ಸುಮಾರಿಗೆ ಕಾದಿರುತ್ತೆ, ಮೈಮೇಲೆ ಬಿದ್ರೆ ಉಳಿಯೋದಿಲ್ಲ. ಅದು ಸರಿಯೇ. ಆದ್ರೆ ಕಂಟ್ರೋಲ್ ರೂಮಿನವನಿಗೆ ಜಾಮ್ ಕಾಣೋದು ಸ್ಕ್ರೀನಿನಲ್ಲಿ. ಸೈಕ್ಲೋನಿನ ಕೆಳತುದಿಯಲ್ಲಿ ಇರಬೇಕಾದ ಗಾಳಿಯ ಎಳೆತ ಸೊನ್ನೆ ಕಡೆ ಬರುತ್ತೆ, ಕೆಳಗಿಳಿಯೋ ಪೈಪಿಗೆ ಪುಡಿ ಬರದೆ ಅದರ ತಾಪಮಾನ ಬದಲಾಗುತ್ತೆ. ಅದನ್ನ ನೋಡಿದ ಕೂಡಲೇ ಫೀಡ್ ಜೊತೆಗೆ ಕ್ಯಾಲ್ಸೈನರಿನ ಕಲ್ಲಿದ್ದಲನ್ನೂ ನಿಲ್ಲಿಸಬೇಕು. ಈ ಮಾತು ಎರಡೇ ಸಾಲಲ್ಲಿ ಹಾಕಿದ್ವಿ. ಎಲ್ಲ ಪ್ರಶ್ನೆಗೂ ಮತ್ತೆ ಉತ್ತರ ಬರೆದಿದ್ರೆ, ಪರೀಕ್ಷೆ ಮುಗಿದ ಮೇಲೆ ಪೇಪರ್ ತಿದ್ದಿದಂಗಾಗ್ತಿತ್ತು.

ಕೊನೆಗೆ ಬಿಡುಗಡೆಯ ಮಾತು. ಕಿಲ್ನ್‌ನ ಒಳಗಿನ ಇಟ್ಟಿಗೆ ಬದಲಿಸೋ ಶಟ್‌ಡೌನ್ ಹತ್ತಿರ ಬಂದಿತ್ತು, ಆಗ ಫೀಲ್ಡಿನವರನ್ನ ಯಾರೂ ಬಿಡೋದಿಲ್ಲ. ಅದಕ್ಕೇ ಹೀಗೆ ಬರೆದ: "ಶಟ್‌ಡೌನ್ ಮುಗಿದು ಕಿಲ್ನ್ ಚಾಲೂ ಆಗೋ ತನಕ ಇಲ್ಲೇ ಇರ್ತೀನಿ. ನನ್ನ ಶಿಫ್ಟಿನ ಇನ್ನೊಬ್ಬರಿಗೆ 15 ದಿನ ಕೆಲಸ ತೋರಿಸಿ ಬರ್ತೀನಿ. ಇದನ್ನ ನಮ್ಮ ಇನ್‌ಚಾರ್ಜ್ ಅವರಿಗೂ ತಿಳಿಸಿದ್ದೀನಿ."

ಎಚ್‌ಆರ್‌ನವರು 10 ದಿನ ಅಂದಿದ್ರು. 10 ದಿನ ಕಳೀತು, ಸುದ್ದಿ ಇಲ್ಲ. ಇನ್ನೂ ಮೂರು ಕೆಲಸದ ದಿನ ಬಿಟ್ಟು, ಅದೇ ಮೇಲ್‌ಗೆ ಒಂದು ಸಾಲು: "ತೀರ್ಮಾನ ಯಾವಾಗ ಆಗಬಹುದು, ತಿಳಿಸಿದ್ರೆ ಶಿಫ್ಟ್ ಹೊಂದಿಸಿಕೊಳ್ಳೋಕೆ ಅನುಕೂಲ." ಕ್ಯಾಂಟೀನಿನಲ್ಲಿ ಮಾತ್ರ ಬರೀ ನಮಸ್ಕಾರ, ಆ ಮಾತು ತೆಗೀಲಿಲ್ಲ. ಅಲ್ಲಿ ಕೇಳಿದ್ರೆ ಬರೋ ಉತ್ತರ ನಾಲ್ಕು ಜನರ ಮುಂದಿನ ಉತ್ತರ, ನಿಜವಾದದ್ದಲ್ಲ.

ಜಾಗ ಅವನಿಗೆ ಸಿಗಲಿಲ್ಲ. ಅವನಿಗಿಂತ ಸೀನಿಯರ್ ಒಬ್ಬರಿಗೆ ಹೋಯ್ತು. ಎರಡು ದಿನ ನನ್ನ ಫೋನೂ ಎತ್ತಲಿಲ್ಲ. ಮೂರನೇ ದಿನ ಅವನೇ ಹೋಗಿ ಇಂಟರ್‌ವ್ಯೂ ತೊಗೊಂಡವರನ್ನ ಒಂದೇ ಪ್ರಶ್ನೆ ಕೇಳಿದ. "ನನಗ್ಯಾಕ ಕೊಡಲಿಲ್ರಿ" ಅಂತಲ್ಲ, "ಮುಂದಿನ ಸಲಕ್ಕ ನಾ ಏನು ಕಲಿಬೇಕ್ರಿ ಸರ್" ಅಂತ. ಮೊದಲಿನ ಪ್ರಶ್ನೆಗೆ ಅವರು ತಮ್ಮ ತೀರ್ಮಾನ ಸಮರ್ಥಿಸಿಕೊಳ್ಳಬೇಕಾಗ್ತಿತ್ತು. ಎರಡನೇದಕ್ಕೆ ಸೀದಾ ಉತ್ತರ ಬಂತು: "ಫೀಲ್ಡ್ ನಿನಗ ಛಲೋ ಗೊತ್ತದ. ಸ್ಕ್ರೀನ್ ಮುಂದ ಕೂತು ರೂಢಿ ಇಲ್ಲ."

ಶಟ್‌ಡೌನ್ ಆದ ಮೇಲೆ ವಾರಕ್ಕೆ ಎರಡು ದಿನ ಕಂಟ್ರೋಲ್ ರೂಮಿನಲ್ಲಿ ಕೂತು ಕಲಿಯೋಕೆ ಒಪ್ಪಿಗೆ ಸಿಕ್ಕಿದೆ. ಒಪ್ಪಿಗೆ ಕೊಟ್ಟವರು ಅವನ ಇನ್‌ಚಾರ್ಜ್. ಮೊದಲ ದಿನವೇ ನೇರವಾಗಿ ಹೋಗಿ ಹೇಳಿದ್ದನಲ್ಲ, ಅವರೇ. ಉಳಿದ ದಿನ ಟವರ್ ಹತ್ತೋದು ತಪ್ಪಿಲ್ಲ.