ಕುಟ್ಟಿ ಮಷಿನ್ನಿನ ಎರಡನೆಯ ಜಾಹೀರಾತು

ಹಳೆಯ ವಸ್ತು ಮಾರಲು ಜಾಹೀರಾತು ಹಾಕಿ ವಾರಗಟ್ಟಲೆ ಕಾದರೂ ಅದು ಹೋಗದಿದ್ದರೆ ನಮ್ಮ ಕಡೆ ಜನ ಮಾಡುವುದು ಒಂದೇ ಕೆಲಸ. ಬೆಲೆ ಇಳಿಸುತ್ತಾರೆ. ಬೆಲೆಗೆ ಕೈ ಹಚ್ಚುವ ಮುಂಚೆ ಆ ವಸ್ತುವಿನ ಬಗ್ಗೆ ಬರೆದ ನಾಲ್ಕು ಸಾಲು ಬದಲಿಸಿ ನೋಡಬಹುದು. 2024ರ ಬೇಸಿಗೆಯಲ್ಲಿ ನಮ್ಮ ಶಾಲೆಯ ಒಬ್ಬ ಪಾಲಕರ ಜೊತೆ ಕುಳಿತು ನಾವು ಶಿಕ್ಷಕರು ಹಾಗೆ ಮಾಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಪಾಲಕರು ಎರಡು ಎಮ್ಮೆ ಮಾರಿದ್ದರು. ಎಮ್ಮೆ ಹೋದ ಮೇಲೆ ಮೇವು ಕತ್ತರಿಸುವ ಯಂತ್ರ ಸುಮ್ಮನೆ ಮೂಲೆ ಸೇರಿತ್ತು. ಉಟಗಿಯಲ್ಲಿ ನಾವು ಮಾತಾಡುವುದು ಕನ್ನಡವಾದರೂ ಈ ಯಂತ್ರಕ್ಕೆ ಹೇಳುವುದು ಮರಾಠಿ ಹೆಸರೇ, ಕಡಬಾ ಕುಟ್ಟಿ. ಇವರ ಮಗಳು ನಮ್ಮ ಕನ್ನಡ ಮಾಧ್ಯಮದಲ್ಲಿಯೇ ಓದಿ ಮಹಾರಾಷ್ಟ್ರ ಬೋರ್ಡಿನ ಹತ್ತನೆಯ ಪರೀಕ್ಷೆ ಪಾಸಾಗಿದ್ದಳು. ಗಡಿ ಭಾಗದ ಅನೇಕ ಮಕ್ಕಳ ಹಾಗೆ ಮುಂದೆ ಓದಲು ವಿಜಯಪುರಕ್ಕೆ ಹೋಗುವವಳಿದ್ದಳು. ಜೂನ್ ಮಧ್ಯದೊಳಗೆ ಹಾಸ್ಟೆಲ್ಲಿಗೆ ಹಣ ಕಟ್ಟಬೇಕು. ಯಂತ್ರಕ್ಕೆ ಕೇಳಿದ್ದು 13,000 ರೂಪಾಯಿ. ಆ ಹಣ ಬಂದರೆ ಸಾಲ ಮಾಡುವುದು ತಪ್ಪುತ್ತಿತ್ತು.

ಏಪ್ರಿಲ್ ಕೊನೆಗೆ ಅವರ ಅಣ್ಣನ ಮಗ ಓಎಲ್‌ಎಕ್ಸ್‌ನಲ್ಲಿ ಜಾಹೀರಾತು ಹಾಕಿಕೊಟ್ಟಿದ್ದ. ತಿಂಗಳಾದ ಮೇಲೆ ಪಾಲಕರು ಶಾಲೆಗೆ ಬಂದರು.

"ಗುರುಗಳ, ಹಾಕಿ ತಿಂಗಳಾತ್ರಿ. ಫೋನ್ ಏನೋ ಬರ್ತಾವ, ಮಂದಿ ಬರವಲ್ರು. ಎರಡು ಸಾವಿರ ಕಡಿಮಿ ಮಾಡಿಬಿಡಲೇನ್ರಿ?"

ಸ್ವಲ್ಪ ತಡೆಯಿರಿ ಎಂದು ಮೊದಲು ಜಾಹೀರಾತು ತೆಗೆದು ನೋಡಿದೆವು. ಯಂತ್ರದ ಕಂಪನಿಯ ಹೆಸರು, 2 ಎಚ್‌ಪಿ, ಮೂರು ವರ್ಷ ಹಳೆಯದು, ಹೊಸದರಂತೆ ಇದೆ, ಅರ್ಜೆಂಟ್ ಮಾರುವುದಿದೆ. ಇಷ್ಟೇ ಇತ್ತು. ಇಂಥ ಜಾಹೀರಾತುಗಳೆಲ್ಲ ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. ಚಿತ್ರ ಒಂದೇ, ಗೋಡೆಗೆ ಹಚ್ಚಿ ನಿಲ್ಲಿಸಿದ ಯಂತ್ರ.

ಇಲ್ಲಿ ಮೊದಲು ನೋಡಬೇಕಾದದ್ದು ಎರಡು ಸಂಖ್ಯೆ. ಜಾಹೀರಾತನ್ನು ಎಷ್ಟು ಜನ ತೆರೆದು ನೋಡಿದರು, ಅವರಲ್ಲಿ ಎಷ್ಟು ಜನ ಮಾತಾಡಿಸಿದರು. ನೋಡಿದವರೇ ಕಡಿಮೆ ಇದ್ದರೆ ದೋಷ ತಲೆಬರಹದಲ್ಲಿ ಅಥವಾ ಮೊದಲನೆಯ ಚಿತ್ರದಲ್ಲಿ ಇರುತ್ತದೆ. ನೋಡಿದವರು ಬಹಳ, ಫೋನ್ ಮಾತ್ರ ಇಲ್ಲ ಎಂದರೆ ಬೆಲೆ ಕಂಡು ಹಿಂದೆ ಸರಿದಿರಬಹುದು. ನೋಡಿದ್ದಾರೆ, ಫೋನನ್ನೂ ಮಾಡಿದ್ದಾರೆ, ಆದರೆ ಯಾರೂ ಬಂದಿಲ್ಲ ಎಂದರೆ ವಸ್ತು ಬೇಕಾದವರು ಇದ್ದಾರೆ, ಬೆಲೆಯೂ ಅವರಿಗೆ ಅತಿಯಾಗಿ ಕಂಡಿಲ್ಲ, ಏನೋ ಒಂದು ಸಂಶಯ ಮಾತ್ರ ಉಳಿದಿದೆ ಎಂದು ಅರ್ಥ. ಪಾಲಕರದು ಈ ಮೂರನೆಯ ಪರಿಸ್ಥಿತಿ. ಇನ್ನೂರಕ್ಕೂ ಹೆಚ್ಚು ಜನ ನೋಡಿದ್ದರು, ಹನ್ನೊಂದು ಜನ ಫೋನ್ ಮಾಡಿದ್ದರು.

ಆ ಹನ್ನೊಂದು ಜನ ಏನು ಕೇಳಿದರು ಎಂದು ಪಾಲಕರನ್ನೇ ಕೇಳಿ ಒಂದೊಂದಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಆರು ಜನ ಕೇಳಿದ್ದು ಒಂದೇ ಪ್ರಶ್ನೆ: "ಇದು ಮನಿ ಕರೆಂಟಿಗಿ ನಡಿತೈತೇನ್ರಿ?" ಮೂರು ಜನ, "ಛಲೋ ಇದ್ರ ಯಾಕ ಮಾರ್ತೀರಿ?" ಎಂದು ಕೇಳಿದ್ದರು. ಇಬ್ಬರು ನೇರವಾಗಿ "ಎಂಟು ಸಾವಿರಕ್ಕ ಕೊಡ್ರಿ" ಎಂದಿದ್ದರು. ಕಂಪನಿಯ ಹೆಸರನ್ನು ಒಬ್ಬರೂ ಕೇಳಿರಲಿಲ್ಲ. ಜಾಹೀರಾತಿನ ಮೊದಲ ಸಾಲಿನಲ್ಲಿ ಇದ್ದದ್ದು ಮಾತ್ರ ಅದೇ.

ಮನೆ ಕರೆಂಟಿನ ಪ್ರಶ್ನೆ ಯಾಕೆ ದೊಡ್ಡದು ಎಂಬುದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಹೊಲದ ಪಂಪಿಗೆ ಬರುವ ತ್ರೀ ಫೇಸ್ ಕರೆಂಟು ಸರದಿಯ ಪ್ರಕಾರ ಬರುತ್ತದೆ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ಕುಟ್ಟಿ ಮಷಿನ್ನಿಗೆ ತ್ರೀ ಫೇಸ್ ಮೋಟಾರು ಇದ್ದರೆ ದನಗಳು ಮುಂಜಾನೆ ಕೂಗುವಾಗ ಕಣಕಿ ಕತ್ತರಿಸಲು ಆಗುವುದಿಲ್ಲ. ಸಿಂಗಲ್ ಫೇಸ್ ಇದ್ದರೆ ಮನೆಯ ಮುಂದೆಯೇ ಕೆಲಸ ಆಗುತ್ತದೆ. 2 ಎಚ್‌ಪಿ ಎಂದರೆ ಸುಮಾರು ಒಂದೂವರೆ ಕಿಲೋವ್ಯಾಟ್. ಓಡುವಾಗ ಹತ್ತು ಆಂಪಿಯರ್ ಸಮೀಪ ಎಳೆಯುತ್ತದೆ, ಚಾಲೂ ಆಗುವಾಗ ಇನ್ನೂ ಹೆಚ್ಚು. ಆದ್ದರಿಂದ ಫ್ಯಾನು, ಟಿವಿ ಹಚ್ಚುವ ಸಣ್ಣ ಸಾಕೆಟ್ಟು ನಡೆಯುವುದಿಲ್ಲ, ದೊಡ್ಡ ಪಿನ್ನಿನ ಸಾಕೆಟ್ಟೂ ದಪ್ಪ ವೈರೂ ಬೇಕು. "2 ಎಚ್‌ಪಿ" ಎಂಬ ಮಾತಿನಿಂದ ಇದ್ಯಾವುದೂ ತಿಳಿಯುವುದಿಲ್ಲ, ಏಕೆಂದರೆ 2 ಎಚ್‌ಪಿ ಮೋಟಾರು ಎರಡೂ ಬಗೆಯಲ್ಲಿ ಸಿಗುತ್ತದೆ.

ಎಂಟು ಸಾವಿರಕ್ಕೆ ಕೇಳಿದವರನ್ನು ಕರೆದದ್ದು "ಅರ್ಜೆಂಟ್" ಎಂಬ ಶಬ್ದ. ಮಾರುವವನಿಗೆ ಅವಸರವಿದೆ ಎಂದು ತಿಳಿದರೆ ಕೊಳ್ಳುವವನು ಕಾಯುತ್ತಾನೆ. ಇನ್ನು "ಹೊಸದರಂತೆ" ಎಂಬುದನ್ನು ಎಲ್ಲರೂ ಬರೆಯುವುದರಿಂದ ಯಾರೂ ನಂಬುವುದಿಲ್ಲ. ಹೊಸದರಂತಿದ್ದರೆ ಮಾರುವುದೇಕೆ ಎಂದು ಅದೇ ಶಬ್ದ ಸಂಶಯ ಹುಟ್ಟಿಸುತ್ತದೆ.

ಎರಡನೆಯ ಜಾಹೀರಾತಿಗೆ ಮೊದಲು ತಲೆಬರಹ. ಅಲ್ಲಿ ಎಪ್ಪತ್ತು ಅಕ್ಷರ ಮಾತ್ರ ಹಿಡಿಸುತ್ತವೆ. ಕೊಳ್ಳುವವರು ಫೋನಿನಲ್ಲಿ ಏನೆಂದು ಬರೆದು ಹುಡುಕುತ್ತಾರೆ ಎಂದು ಯೋಚಿಸಿದೆವು. ಜತ್ತ, ಮಂಗಳವೇಢೆ, ಕವಠೆ ಮಹಾಂಕಾಳದ ರೈತರು ಇಂಗ್ಲಿಷ್ ಅಕ್ಷರದಲ್ಲಿ `kadba kutti` ಎಂದು ಬರೆಯುತ್ತಾರೆ, ಅಂಗಡಿಯವರು `chaff cutter` ಎನ್ನುತ್ತಾರೆ. ಮೊದಲನೆಯದರಲ್ಲಿ ಎರಡನೆಯ ಹೆಸರು ಮಾತ್ರ ಇತ್ತು. ಎರಡನ್ನೂ ಸೇರಿಸಿ, ಕಂಪನಿಯ ಹೆಸರು ತೆಗೆದು, ಆರು ಜನ ಕೇಳಿದ ಪ್ರಶ್ನೆಗೆ ಉತ್ತರವನ್ನೂ ತಲೆಬರಹದಲ್ಲಿಯೇ ಇಟ್ಟೆವು:

`Kadba kutti chaff cutter 2 HP, gharchya single phase var chalte`

ಕೆಳಗಿನ ವಿವರವನ್ನು ಮರಾಠಿಯಲ್ಲಿ ಬರೆದೆವು. ಅದರ ತಾತ್ಪರ್ಯ ಕನ್ನಡದಲ್ಲಿ ಹೀಗೆ:

"ಮನೆಯ ಸಿಂಗಲ್ ಫೇಸ್ ಕರೆಂಟಿಗೆ ನಡೆಯುತ್ತದೆ, ದೊಡ್ಡ ಪಿನ್ನಿನ ಸಾಕೆಟ್ಟು ಬೇಕು. ಎರಡು ಎಮ್ಮೆಗಳ ಮೇವಿಗೆ ಮೂರು ವರ್ಷ ಬಳಸಿದ್ದೇವೆ. ಎಮ್ಮೆ ಮಾರಿದ್ದರಿಂದ ಈಗ ಕೆಲಸವಿಲ್ಲ. ಒಣ ಕಣಕಿ, ಹಸಿ ಮೆಕ್ಕೆಜೋಳ ಎರಡನ್ನೂ ಕತ್ತರಿಸುತ್ತದೆ. ಎರಡು ಅಲಗುಗಳಲ್ಲಿ ಒಂದರ ತುದಿ ಸ್ವಲ್ಪ ಮುಕ್ಕಾಗಿದೆ, ಚಿತ್ರ ನೋಡಿರಿ. ಕತ್ತರಿಸಲು ಅಡ್ಡಿಯಿಲ್ಲ, ಬೆಲೆ ಹೇಳುವಾಗ ಅದನ್ನು ಲೆಕ್ಕ ಹಿಡಿದಿದ್ದೇವೆ. ಮೇವು ಸಿಕ್ಕಿಕೊಂಡರೆ ಉಲ್ಟಾ ತಿರುಗಿಸುವ ಹಿಡಿಕೆ ಇದೆ. ಬಂದವರ ಮುಂದೆ ಚಾಲೂ ಮಾಡಿ ತೋರಿಸುತ್ತೇವೆ. ಇಬ್ಬರು ಎತ್ತಿದರೆ ಸಣ್ಣ ಟೆಂಪೋದಲ್ಲಿ ಹೋಗುತ್ತದೆ."

ಇದರಲ್ಲಿ ಹೊಸ ಗುಣ ಯಾವುದೂ ಇಲ್ಲ. ಯಂತ್ರ ಅದೇ, ಬೆಲೆ ಅದೇ. ಮುಂದೆ ಇದ್ದದ್ದು ಹಿಂದೆ ಹೋಯಿತು, ಒಳಗೆ ಇದ್ದದ್ದು ಮುಂದೆ ಬಂದಿತು. ಅಲಗಿನ ಮುಕ್ಕನ್ನು ಬರೆಯುವಾಗ ಪಾಲಕರು ಹಿಂಜರಿದರು. "ಅದನ್ನ ಯಾಕ ಬರೀಬೇಕ್ರಿ, ಬಂದಾಗ ನೋಡ್ತಾರ" ಎಂದರು. ಬಂದಾಗ ನೋಡಿದರೆ ಅವರು ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂದುಕೊಳ್ಳುತ್ತಾರೆ. ಮನೆಯಲ್ಲಿಯೇ ಓದಿ ಬಂದರೆ ಅದು ಆಗಲೇ ಒಪ್ಪಿಕೊಂಡ ಮಾತು. ಹೀಗೆ ಹೇಳಿದ ಮೇಲೆ ಒಪ್ಪಿದರು.

ಚಿತ್ರಗಳು ನಾಲ್ಕು. ಮೊದಲನೆಯದು ಯಂತ್ರದ ಬಾಯಿಯ ಮುಂದೆ ಕತ್ತರಿಸಿದ ಕಣಕಿಯ ರಾಶಿ. ಯಂತ್ರ ನಡೆಯುತ್ತದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ತುಂಡುಗಳು ಒಂದೇ ಅಳತೆಯಲ್ಲಿದ್ದರೆ ಅಲಗು ಹರಿತವಿದೆ ಎಂದು ದನ ಕಟ್ಟಿದವರು ನೋಡಿದ ಕೂಡಲೇ ತಿಳಿಯುತ್ತಾರೆ. ಎರಡನೆಯದು ಮೋಟಾರಿಗೆ ಬಡಿದ ತಗಡಿನ ಪಟ್ಟಿ. ಫೇಸು, ವೋಲ್ಟು, ಎಚ್‌ಪಿ ಎಲ್ಲ ಅದರ ಮೇಲೆ ಇರುತ್ತವೆ. ಮೂರನೆಯದು ಮುಕ್ಕಾದ ಅಲಗು, ನಾಲ್ಕನೆಯದು ಉಲ್ಟಾ ತಿರುಗಿಸುವ ಹಿಡಿಕೆ.

ಹಳೆಯ ಜಾಹೀರಾತನ್ನೇ ತಿದ್ದದೆ ಅದನ್ನು ತೆಗೆದು ಹೊಸದಾಗಿ ಹಾಕಿದೆವು. ತಿಂಗಳಿನ ಹಿಂದಿನ ತಾರೀಖು ಕಂಡರೆ ಯಾರೂ ಒಯ್ಯದ ವಸ್ತು ಎಂದು ಜನ ಮುಂದೆ ಹೋಗುತ್ತಾರೆ. ಹಳೆಯದನ್ನು ತೆಗೆಯದೆ ಎರಡನ್ನೂ ಇಟ್ಟರೆ ಒಂದೇ ವಸ್ತು ಎರಡು ಸಲ ಬಂತೆಂದು ತೆಗೆದುಹಾಕುವ ಸಾಧ್ಯತೆ ಇರುತ್ತದೆ. ಬೆಲೆಯನ್ನು ಬೇಕೆಂದೇ ಮುಟ್ಟಲಿಲ್ಲ. ಬರಹ, ಬೆಲೆ ಎರಡನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಕೆಲಸವಾಯಿತು ಎಂದು ತಿಳಿಯುವುದಿಲ್ಲ. ಹದಿನೈದು ದಿನ ನೋಡುವುದು, ಆಗದಿದ್ದರೆ ಒಂದು ಸಾವಿರ ಇಳಿಸುವುದು ಎಂದು ಮಾತಾಯಿತು.

ಮೊದಲ ವಾರ ಬಂದ ಫೋನು ಎರಡೇ. ಪಾಲಕರಿಗೆ ಗಾಬರಿಯಾಯಿತು. "ಮೊದಲಿಂದ ಇದಕ್ಕಿಂತ ಛಲೋ ಇತ್ತಲ್ರಿ" ಎಂದರು. ಆದರೆ ಆ ಇಬ್ಬರೂ ಕರೆಂಟಿನ ಬಗ್ಗೆ ಕೇಳಲಿಲ್ಲ, ಯಾಕೆ ಮಾರುತ್ತೀರಿ ಎಂದೂ ಕೇಳಲಿಲ್ಲ. ಊರು ಎಲ್ಲಿ, ಯಾವ ದಿನ ಬರಲಿ ಎಂದು ಕೇಳಿದರು. ಫೋನ್ ಕಡಿಮೆಯಾದದ್ದು ಉತ್ತರಗಳು ಜಾಹೀರಾತಿನಲ್ಲಿಯೇ ಸಿಕ್ಕಿದ್ದರಿಂದ. ತ್ರೀ ಫೇಸ್ ಬೇಕಾದವರು ಓದಿಯೇ ಬಿಟ್ಟುಹೋದರು. ಬರಹ ಸರಿಯಾಯಿತೋ ಇಲ್ಲವೋ ಎಂದು ನೋಡಲು ಫೋನಿನ ಸಂಖ್ಯೆಗಿಂತ ಕೇಳುವ ಪ್ರಶ್ನೆ ಬದಲಾಯಿತೇ ಎಂಬುದನ್ನು ನೋಡಬೇಕು.

ಒಂಬತ್ತನೆಯ ದಿನ ಮಂಗಳವೇಢೆ ಕಡೆಯಿಂದ ಗಂಡ ಹೆಂಡತಿ ಬಂದರು. ಗಂಡ ಅಲಗು ನೋಡಿ "ಇದೇ ಏನು" ಎಂದು ಕೇಳಿ ಸುಮ್ಮನಾದರು. ಹೆಂಡತಿ ಹಿಡಿಕೆ ಉಲ್ಟಾ ತಿರುಗಿಸಿ ತಾನೇ ಎರಡು ಸಲ ಕಣಕಿ ಹಾಕಿ ನೋಡಿದರು. ದಿನಾ ಮೇವು ಹಾಕುವವರು ಅವರೇ. 12,500ಕ್ಕೆ ಮಾತು ಮುಗಿಯಿತು. ಹಾಸ್ಟೆಲ್ಲಿನ ಹಣ ವೇಳೆಗೆ ಮುಂಚೆಯೇ ಕಟ್ಟಿದರು.

ಬರಹದಿಂದ ಎಲ್ಲವೂ ಆಗುತ್ತದೆ ಎಂದು ತಿಳಿಯಬಾರದು. ಅದೇ ಪಾಲಕರ ಹನ್ನೆರಡು ಫೂಟಿನ ಕಬ್ಬಿಣದ ಗೋದಲಿ ಒಂದಿತ್ತು, ಮೇವು ಹಾಕುವುದು. ಯಂತ್ರ ಹೋದ ಉತ್ಸಾಹದಲ್ಲಿ ಅದಕ್ಕೂ ಎರಡು ಸಲ ಬರಹ ಬದಲಿಸಿ ನೋಡಿದೆವು. ಒಮ್ಮೆ ಗಟ್ಟಿತನ ಮುಂದಿಟ್ಟು, ಇನ್ನೊಮ್ಮೆ ನಾಲ್ಕು ದನಕ್ಕೆ ಸಾಕು ಎಂಬುದನ್ನು ಮುಂದಿಟ್ಟು. ಕೇಳಿದವರೆಲ್ಲ ಕೇಳಿದ್ದು ಒಂದೇ, ತರುವುದು ಹೇಗೆ. ಒಂದೇ ತುಂಡಾಗಿ ಬೆಸೆದದ್ದು, ಸಣ್ಣ ಟೆಂಪೋದಲ್ಲಿ ಹಿಡಿಸುವುದಿಲ್ಲ. ದೊಡ್ಡ ಗಾಡಿಯ ಬಾಡಿಗೆ ಗೋದಲಿಯ ಬೆಲೆಗಿಂತ ಹೆಚ್ಚು. ಆ ಪ್ರಶ್ನೆಗೆ ಬರೆದು ಹೇಳುವ ಉತ್ತರ ನಮ್ಮಲ್ಲಿ ಇರಲಿಲ್ಲ. ಕೊನೆಗೆ ಗುಜರಿಯವರು ಬಂದು ಕತ್ತರಿಸಿ ಕಿಲೋ ಲೆಕ್ಕದಲ್ಲಿ ಒಯ್ದರು.