ಮುಗಿಯೋ ದಿನ ಅಲ್ಲ, ಶುರು ಮಾಡೋ ದಿನ ಬರೀರಿ
(ಮನೆ ಲೆಕ್ಕ, ಭಾಗ 7)

ಮೂರನೇ ಫೋಟೋದಲ್ಲಿರೋ ನಮ್ಮ ಅಡುಗೆಮನೆ ಕ್ಯಾಲೆಂಡರ್ ನೋಡಿ. ಏಪ್ರಿಲ್ 13ಕ್ಕೆ ಕೆಂಪು ಸುತ್ತು ಹಾಕಿದೀನಿ. ಅವತ್ತು ಹಬ್ಬಾನೂ ಇಲ್ಲ, ಯಾರ ಬರ್ತ್‌ಡೇನೂ ಅಲ್ಲ. ಆ ಸುತ್ತಿನ ಹಿಂದೆ ಒಂದು ಕಥೆ ಇದೆ.

ಅಮ್ಮನ ಹೆಲ್ತ್ ಇನ್ಶೂರೆನ್ಸ್ ಜೂನ್ 12ಕ್ಕೆ ಮುಗಿಯೋದು. ವರ್ಷದ ಪ್ರೀಮಿಯಂ ನನ್ನ ಕಾರ್ಡಿಂದ ತಾನಾಗೇ ಕಟ್ ಆಗ್ತಿತ್ತು, ಹಾಗಾಗಿ ನಾನು ನಿಶ್ಚಿಂತೆಯಿಂದಿದ್ದೆ. ಆದ್ರೆ ಆ ಕಾರ್ಡ್ ಮಾರ್ಚ್‌ನಲ್ಲೇ ಎಕ್ಸ್‌ಪೈರ್ ಆಗಿತ್ತು. ಹಣ ಹೋಗಲಿಲ್ಲ. ಮೆಸೇಜ್ ಬಂದಿದ್ದು ಅಪ್ಪನ ಹಳೇ ನಂಬರಿಗೆ.

ಜೂನ್ 21ಕ್ಕೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಸ್ಪತ್ರೆ ಕೌಂಟರಿನಲ್ಲಿ ಕಾರ್ಡ್ ಕೊಟ್ಟಾಗ್ಲೇ ಗೊತ್ತಾಗಿದ್ದು, ಪಾಲಿಸಿ ಚಾಲ್ತೀಲಿಲ್ಲ ಅಂತ. ಮಾರನೇ ದಿನಾನೇ ಪ್ರೀಮಿಯಂ ಕಟ್ಟಿದೆ. ವರ್ಷದ ಪಾಲಿಸಿಗೆ 30 ದಿನ ಗ್ರೇಸ್ ಇರುತ್ತೆ. ಅದರೊಳಗೆ ಕಟ್ಟಿದ್ದಕ್ಕೆ ಹಳೇ ಕಾಯಿಲೆಗಳಿಗೆ ಕಾದ ವರ್ಷಗಳು ಕೈತಪ್ಪಲಿಲ್ಲ. ಆದ್ರೆ ಗ್ರೇಸ್ ಅಂದ್ರೆ ರಕ್ಷಣೆ ಅಲ್ಲ. ನಡುವಿನ ಖಾಲಿ ದಿನಗಳಲ್ಲಿ ಆದ ಅಪಘಾತಕ್ಕೆ ಕ್ಲೇಮ್ ಸಿಗಲಿಲ್ಲ. ಆಪರೇಷನ್ ಖರ್ಚು ಪೂರ್ತಿ ನಮ್ಮ ಕೈಯಿಂದಾನೇ ಹೋಯ್ತು.

ಆಮೇಲೆ ಅರ್ಥ ಆಯ್ತು. ನಾನು ಬರೆದಿಟ್ಟಿದ್ದು ಮುಗಿಯೋ ದಿನ. ಬರೀಬೇಕಿದ್ದು ಕೆಲಸ ಶುರು ಮಾಡೋ ದಿನ. ಅದು ಒಂದೊಂದಕ್ಕೆ ಒಂದೊಂದು ಥರ.

ಹೆಲ್ತ್ ಪಾಲಿಸಿಗೆ 60 ದಿನ ಮುಂಚೆ. ಬೇರೆ ಕಂಪನಿಗೆ ಪೋರ್ಟ್ ಮಾಡೋದಾದ್ರೆ ರಿನ್ಯೂವಲ್‌ಗಿಂತ ಕನಿಷ್ಠ 45 ದಿನ ಮೊದಲೇ ಅರ್ಜಿ ಹಾಕ್ಬೇಕು. ಜೂನ್ 12ರಿಂದ ಹಿಂದಕ್ಕೆ ಎಣಿಸಿದ್ರೆ ಅದು ಏಪ್ರಿಲ್ 28. ಯೋಚನೆ ಮಾಡೋಕೆ ಇನ್ನೂ ಹದಿನೈದು ದಿನ ಸೇರಿಸಿದ್ರೆ ಏಪ್ರಿಲ್ 13. ಕೆಂಪು ಸುತ್ತು ಅದೇ.

ಪಾಸ್‌ಪೋರ್ಟಿಗೆ ಒಂಬತ್ತು ತಿಂಗಳು ಮುಂಚೆ. ಎಷ್ಟೋ ದೇಶಗಳು ಕನಿಷ್ಠ ಆರು ತಿಂಗಳ ವ್ಯಾಲಿಡಿಟಿ ಕೇಳ್ತವೆ. ಅಂದ್ರೆ ಅಲ್ಲಿಗೆ ಹೋಗೋರಿಗೆ ಪಾಸ್‌ಪೋರ್ಟ್ ಆರು ತಿಂಗಳು ಮೊದಲೇ ಮುಗಿದ ಹಾಗೆ. ಕರೆಂಟ್ ಬಿಲ್ಲಿಗೆ ಮೂರು ದಿನ ಸಾಕು.

ಇನ್ನೊಂದು ಸಾಲು ಯಾರೂ ಬರಿಯಲ್ಲ: ಬ್ಯಾಂಕ್ ಕಾರ್ಡ್ ಮುಗಿಯೋ ತಿಂಗಳು. ಅದರ ಪಕ್ಕದಲ್ಲೇ ಆ ಕಾರ್ಡಿಂದ ಏನೇನು ಕಟ್ ಆಗುತ್ತೆ ಅಂತಾನೂ ಬರೀರಿ. ನಮ್ಮನೇಲಿ ಎಲ್ಲಾ ಶುರುವಾಗಿದ್ದು ಅಲ್ಲಿಂದಾನೇ.

ಫೋನಲ್ಲೂ ಹಾಕಿದೀನಿ, ನನಗೂ ನಮ್ಮನೆಯವರಿಗೂ ಇಬ್ಬರಿಗೂ ಬರೋ ಹಾಗೆ. ಆದ್ರೆ ಫೋನಿನ ರಿಮೈಂಡರ್ ಒಂದೇ ಬೆರಳಲ್ಲಿ ಸರಿದು ಹೋಗುತ್ತೆ. ಗೋಡೆ ಮೇಲಿನ ಸುತ್ತು ಹೋಗಲ್ಲ. ಅದಕ್ಕೆ ಗೀಟು ಎಳೆಯೋದು ಹಣ ಕಟ್ಟಿದಾಗ ಅಲ್ಲ, ಹೊಸ ಪಾಲಿಸಿ ಕೈಗೆ ಬಂದು, ಅದರಲ್ಲಿರೋ ಮುಂದಿನ ದಿನಾಂಕ ನೋಡಿ ಬರೆದ್ಮೇಲೆ.

ಅಮ್ಮ ಈಗ ಕೋಲು ಹಿಡಿದು ಓಡಾಡ್ತಾರೆ. ದಿನಾ ಬೆಳಿಗ್ಗೆ ಕಾಫಿ ಕುಡೀತಾ ಕ್ಯಾಲೆಂಡರ್ ಮುಂದೆ ನಿಂತು ಕೇಳ್ತಾರೆ, "ಈ ತಿಂಗಳು ಏನಿದೆಯೋ?"

ನಿಮ್ಮ ಪರ್ಸಲ್ಲಿರೋ ಕಾರ್ಡ್ ಒಮ್ಮೆ ತೆಗೆದು ನೋಡಿ. ಯಾವ ತಿಂಗಳಿಗೆ ಮುಗಿಯುತ್ತೆ?

#ಮನೆಲೆಕ್ಕ #ಗೋಡೆಕ್ಯಾಲೆಂಡರ್