ಬ್ಯಾಂಕ್ ಬಾಕಿ ತಾಳೆ ಆತು, ಲೆಕ್ಕ ಮಾತ್ರ ತಪ್ಪಿತ್ತು

ಫೋಟೊದಾಗ ಎಣ್ಣಿ ಕಲೆ ಬಿದ್ದಿರೋ ಡೈರಿ ನಮ್ಮ ಕಾಕಾಂದು. ಅನಂತಪುರದಾಗ ಅವರದು ಬೋರ್‌ವೆಲ್ ಮೋಟಾರ್ ವೈಂಡಿಂಗ್ ಅಂಗಡಿ. ಏಪ್ರಿಲ್‌ನಿಂದ ಈ ಡೈರಿ ಲೆಕ್ಕಾನ ಟ್ಯಾಲಿ ಪ್ರೈಮ್‌ಗೆ ಹಾಕೋ ಕೆಲಸ ನಂದು.

ಮೊದಲು ಮಾಡಿದ್ದು ಇಷ್ಟು. ಅಂಗಡಿ ಬ್ಯಾಂಕ್ ಖಾತೆಗೆ `Bank Accounts` ಕೆಳಗೆ ಒಂದು ಲೆಡ್ಜರ್ ತೆಗೆದು, ಮಾರ್ಚ್ 31ರ ಸ್ಟೇಟ್‌ಮೆಂಟ್ ಬಾಕಿಯನ್ನ ಆರಂಭದ ಬಾಕಿ ಅಂತ ಹಾಕಿದೆ. ಉದ್ರಿ ಇರೋ ಒಬ್ಬೊಬ್ಬ ರೈತನಿಗೂ `Sundry Debtors` ಕೆಳಗೆ ಬೇರೆ ಲೆಡ್ಜರ್. ತಿಂಗಳು ಮುಗಿದ ಮ್ಯಾಲೆ ಬ್ಯಾಂಕಿನ ಎಕ್ಸೆಲ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ಇಂಪೋರ್ಟ್ ಮಾಡಿ, ನಮ್ಮ ಎಂಟ್ರಿ ಜೊತೆ ಒಂದೊಂದೇ ಸಾಲು ಹೊಂದಿಸ್ತೀನಿ.

ಜೂನ್ 30ಕ್ಕೆ ನಮ್ಮ ಪುಸ್ತಕದಾಗ 42,000 ರೂಪಾಯಿ, ಬ್ಯಾಂಕಿನಾಗ 38,582.30. ವ್ಯತ್ಯಾಸ 3,417.70. ಹುಡುಕಿದಾಗ ಎರಡು ಕಾರಣ ಸಿಕ್ಕವು. 17.70 ಬ್ಯಾಂಕಿನವರು ಮುರಿದ ಎಸ್‌ಎಂಎಸ್ ಚಾರ್ಜ್: 15 ರೂಪಾಯಿಗೆ 18% ಜಿಎಸ್‌ಟಿ ಸೇರಿ. ಅದು ನಮ್ಮ ಪುಸ್ತಕದಾಗ ಇರಲೇ ಇಲ್ಲ, ಖರ್ಚು ಅಂತ ಎಂಟ್ರಿ ಹಾಕಿದೆ. ಉಳಿದ 3,400 ಜೂನ್ 29ಕ್ಕೆ ಕಟ್ಟಿದ ಚೆಕ್. ಅದಕ್ಕೆ ಹೊಸ ಎಂಟ್ರಿ ಬೇಕಿಲ್ಲ, ಜುಲೈ ಸ್ಟೇಟ್‌ಮೆಂಟಿನಾಗ ಪಾಸ್ ಆದ ದಿನ ಹೊಂದಿಸಿದ್ರ ಮುಗೀತು. ಪೈಸೆಗೆ ಪೈಸೆ ತಾಳೆ ಆತು. ನಾನು ಖುಷ್!

ಮುಂದಿನ ವಾರ ಉದ್ರಿ ಪಟ್ಟಿ ಹಿಡಕೊಂಡು ಕಾಕಾ ಒಬ್ಬ ರೈತರಿಗೆ, "2,800 ಬಾಕಿ ಐತಲ್ರಿ" ಅಂದ್ರು. ಅವರು ಸಿಟ್ಟಿನಿಂದ ಮೊಬೈಲ್ ತೆಗೆದು ತೋರಿಸಿದ್ರು: ಜೂನ್ 12ಕ್ಕೆ ಸ್ಕ್ಯಾನರ್‌ಗೆ ಹಾಕ್ಯಾರ. ನಾಲ್ಕು ಮಂದಿ ಮುಂದ ಕಾಕಾನ ಮುಖ ಸಣ್ಣದಾತು.

ತಪ್ಪು ನಂದು. ಡೈರಿಯಾಗ ಬರೀ "ಜೂ. 12, 2,800, ಮೊಬೈಲ್" ಅಂತಿತ್ತು, ಹೆಸರಿಲ್ಲ. 2,800 ಬಿಲ್ ಇಬ್ಬರು ರೈತರದಿತ್ತು. ನಾನು ಅಂದಾಜಿನ ಮ್ಯಾಲೆ ಇನ್ನೊಬ್ಬರ ಲೆಡ್ಜರ್‌ಗೆ ಜಮಾ ಹಾಕಿದ್ದೆ. ತಾರೀಖು, ಮೊತ್ತ ಎರಡೂ ಸರಿ ಇದ್ದದ್ದಕ್ಕ ಬ್ಯಾಂಕ್ ಸಾಲು ಥಟ್ಟನೆ ಹೊಂದಿಕೊಂಡಿತ್ತು. ಯಾರ ಲೆಡ್ಜರ್‌ಗೆ ಹಾಕಿದ್ರೂ ಬ್ಯಾಂಕ್ ಬಾಕಿ ಬದಲಾಗಂಗಿಲ್ಲ ನೋಡ್ರಿ. ಅದಕ್ಕs ಈ ತಾಳೆ ಆ ತಪ್ಪನ್ನ ಎಂದೂ ಹಿಡಿಯಂಗಿಲ್ಲ. ರೊಕ್ಕ ಬಂತು ಅಂತ ಹೇಳತೈತಿ, ಯಾರದು ಅಂತ ಹೇಳಂಗಿಲ್ಲ.

ಈಗ ಡೈರಿಯಾಗ ಹೆಸರಿನ ಮುಂದ ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರಿನ ಕೊನೆ ನಾಲ್ಕು ಅಂಕಿ ಬರೆಸ್ತೀನಿ. ಸ್ಟೇಟ್‌ಮೆಂಟಿನ ವಿವರದಾಗೂ ಆ ನಂಬರ್ ಇರತೈತಿ. ಎರಡೂ ಕೂಡಿದ್ರಷ್ಟೇ ಹೊಂದಿಸೋದು. ಹೆಸರು ಗೊತ್ತಾಗದ ಜಮಾ ಸಸ್ಪೆನ್ಸ್ ಲೆಡ್ಜರಿನಾಗ ಕುಂದ್ರತೈತಿ, ಕಾಕಾನ್ನ ಕೇಳೋ ತನಕ.

ಆ ರೈತರಿಗೆ ಕಾಕಾ ಚಹಾ ಕುಡಿಸಿ ಸಮಾಧಾನ ಮಾಡಿದ್ರು. ತಪ್ಪಾತು ಅಂತ ಹೇಳಾಕ ಮಾತ್ರ ನನ್ನನ್ನs ಮುಂದ ದೂಡಿದ್ರು.